ಹಳೆಯ ಬಾಗಿಲ ವಯಸ್ಸು

ಹಳೆಯ ಮನೆಯ ಮುಂದೆ ನಿಂತು ಇದಕ್ಕೆ ಎಷ್ಟು ವರ್ಷವಾಯಿತು ಎಂದು ಕೇಳಿ ನೋಡಿ. ‘ನಮ್ಮ ತಾತನ ಕಾಲದ್ದು’ ಎಂಬ ಉತ್ತರ ಬರುತ್ತದೆ. ಆ ತಾತನನ್ನು ಕೇಳಿದ್ದರೆ ಅವರೂ ತಮ್ಮ ತಾತನ ಕಡೆ ಕೈ ತೋರಿಸುತ್ತಿದ್ದರು. ಮನೆಯಲ್ಲಿ ವಾಸವಾಗಿರುವಷ್ಟು ಕಾಲ ಈ ಉತ್ತರ ಸಾಕು. ಬಾಗಿಲನ್ನೂ ಕಂಬವನ್ನೂ ಕಿತ್ತು ಮಾರುವ ದಿನ, ಇಲ್ಲವೆ ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವ ದಿನ ಬಂದಾಗ ಮಾತ್ರ ಇದು ಸಾಲದು. ಆಗ ಒಬ್ಬ ವ್ಯಾಪಾರಿ ಬಂದು ‘ಬಣ್ಣ ಬಳಿದು ಕೆಡಿಸಿದ್ದೀರಿ, ಇದು ಸೌದೆಯ ಬೆಲೆ’ ಎನ್ನುತ್ತಾನೆ. ಅದೇ ಬಾಗಿಲು ಬೆಂಗಳೂರಿನ ಅಂಗಡಿ ಸೇರಿದ ಮೇಲೆ ‘ಇನ್ನೂರು ವರ್ಷದ್ದು’ ಎಂದಾಗುತ್ತದೆ. ಎರಡು ಮಾತಿಗೂ ನಡುವೆ ನಿಜವೆಂಬುದು ಒಂದಿದೆ. ಅದನ್ನು ಬಾಗಿಲಿನಿಂದಲೇ ಕೇಳಿ ತಿಳಿಯುವುದು ಹೇಗೆಂಬುದನ್ನು ನಾನು ಕಂಡ ಒಂದು ಬಾಗಿಲನ್ನು ಮುಂದಿಟ್ಟುಕೊಂಡು ನಿಮಗೆ ಹೇಳುತ್ತೇನೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಹಳೆಯ ಬೀದಿಗಳಲ್ಲಿ ಜಗಲಿ, ಪಡಸಾಲೆ, ತೊಟ್ಟಿಗಳುಳ್ಳ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಅವುಗಳ ಸ್ಥಳದಲ್ಲಿ ಕಾಂಕ್ರೀಟು ಏಳುವಾಗ ಮೊದಲು ಹೊರಗೆ ಬರುವುದು ತಲೆಬಾಗಿಲು. ಅದರ ಹಿಂದೆ ಕಂಬ, ಬೋದಿಗೆ, ತೊಲೆ. ಕೆಲವು ವರ್ಷಗಳ ಹಿಂದೆ ಶಿಡ್ಲಘಟ್ಟದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದು, ‘ಮೇಷ್ಟ್ರೇ, ನಮ್ಮ ಬಾಗಿಲ ಮೇಲೆ ಏನೋ ಅಕ್ಷರ ಇದ್ದಹಾಗಿದೆ. ಅಣ್ಣ ಅದನ್ನು ಉಜ್ಜಿಸಿ ಮಾರಬೇಕು ಅಂತಿದಾನೆ. ಒಂದು ಸಲ ಬಂದು ನೋಡ್ತೀರಾ?’ ಎಂದ. ಮರದ ವಿಷಯದಲ್ಲಿ ನನ್ನ ತಿಳಿವು ಸ್ವಲ್ಪ; ಅಕ್ಷರದ ವಿಷಯವಾದರೆ ನನ್ನ ಕಸುಬು. ಆದ್ದರಿಂದ ಪರಿಚಯದ ವೃದ್ಧ ಆಚಾರಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದೆ.

ನಾವು ಹೋಗುವ ವೇಳೆಗೆ ಅರ್ಧ ಅನಾಹುತ ಆಗಿಹೋಗಿತ್ತು. ಬಲಗಡೆಯ ಕದವನ್ನು ಕಳಚಿ, ಮರ ಉಜ್ಜುವ ಯಂತ್ರದವನಿಗೆ ಕೊಟ್ಟು, ಹೊಳಪು ಬರುವಂತೆ ಮಾಡಿಸಿ ತಂದು ಗೋಡೆಗೆ ಒರಗಿಸಿದ್ದರು. ಎಡಗಡೆಯ ಕದ, ಬಾಗಿಲುವಾಡ, ಮೇಲಿನ ಗಜಲಕ್ಷ್ಮಿಯ ಪಟ್ಟಿ ಇನ್ನೂ ಕಂದು ಬಣ್ಣದ ಎನಾಮಲ್ ಹೊದ್ದು ಇದ್ದಲ್ಲೇ ಇದ್ದುವು. ಮನೆಯವರ ಕಣ್ಣಿಗೆ ಉಜ್ಜಿದ ಕದ ಚೆಲುವಾಗಿ, ಉಳಿದದ್ದು ಕೊಳಕಾಗಿ ಕಾಣುತ್ತಿತ್ತು. ಬೆಲೆಯ ಲೆಕ್ಕದಲ್ಲಿ ಸಂಗತಿ ತಲೆಕೆಳಗು. ಅದಕ್ಕೆ ಕಾರಣವನ್ನು ಆಮೇಲೆ ಹೇಳುತ್ತೇನೆ.

ಮೊದಲು ಅಕ್ಷರ. ಬಣ್ಣದ ಕೆಳಗೆ ಹುದುಗಿದ ಕೆತ್ತನೆಯನ್ನು ಓದಲು ಬಣ್ಣವನ್ನು ಕೆರೆಯಬೇಕಾಗಿಲ್ಲ. ಸಂಜೆ ಕತ್ತಲಾದ ಮೇಲೆ ದೀಪವನ್ನು ಎದುರಿಗೆ ಹಿಡಿಯದೆ, ಮರದ ಮೈಗೆ ತಾಗುವಂತೆ ಪಕ್ಕದಿಂದ ಹಿಡಿಯಬೇಕು. ಆಗ ಗೆರೆಯ ಒಂದು ಅಂಚು ಬೆಳಗಿ ಇನ್ನೊಂದರಲ್ಲಿ ನೆರಳು ನಿಲ್ಲುತ್ತದೆ. ಹಗಲು ಕಾಣದ ಅಕ್ಷರ ಎದ್ದುಬರುತ್ತದೆ. ಇಂದು ಎಲ್ಲರ ಜೇಬಿನಲ್ಲಿಯೂ ಇರುವ ಫೋನಿನ ದೀಪವೇ ಸಾಕು. ಹಾಗೆ ಹಿಡಿದಾಗ ಗಜಲಕ್ಷ್ಮಿಯ ಕೆಳಗಿನ ಪಟ್ಟಿಯಲ್ಲಿ ‘ವಿಳಂಬಿ ಸಂ॥ ವೈಶಾಖ ಶು ೧೩’ ಎಂಬಷ್ಟು ಓದಲು ಬಂತು. ಮುಂದಿನ ಅಕ್ಷರಗಳಲ್ಲಿ ಬಣ್ಣದವನು ಲಪ್ಪ ತುಂಬಿ ನಯಮಾಡಿಬಿಟ್ಟಿದ್ದ.

ನಮ್ಮ ಹಿರಿಯರು ಬಾಗಿಲಲ್ಲಿ ಶಕವರ್ಷದ ಅಂಕಿಯನ್ನು ಬಿಟ್ಟು ಸಂವತ್ಸರದ ಹೆಸರನ್ನಷ್ಟೆ ಬರೆದರೆ ಒಂದು ತೊಡಕುಂಟು. ಸಂವತ್ಸರಗಳು ಅರವತ್ತು, ಚಕ್ರ ತಿರುಗಿ ಅದೇ ಹೆಸರು ಮತ್ತೆ ಬರುತ್ತದೆ. ವಿಳಂಬಿ ಎಂದರೆ ೧೮೩೮, ೧೮೯೮, ೧೯೫೮, ೨೦೧೮ ಇವುಗಳಲ್ಲಿ ಯಾವುದಾದರೂ ಆಗಬಹುದು. ವ್ಯಾಪಾರಿಯ ‘ಇನ್ನೂರು ವರ್ಷ’ ಹುಟ್ಟುವುದು ಇಂಥ ಸಂದಿಯಲ್ಲೇ. ಚಕ್ರವನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸಿದರೆ ಆಯಿತು, ಅರವತ್ತು ವರ್ಷ ಲಾಭ!

ಇಲ್ಲಿ ನೆರವಿಗೆ ಬಂದವರು ಮನೆಯ ಅಜ್ಜಿ. ತೊಂಬತ್ತರ ಹತ್ತಿರದ ಆಕೆ, ‘ನಾನು ಸೇರಕ್ಕಿ ಒದ್ದು ಒಳಗೆ ಬಂದದ್ದು ಈ ಬಾಗಿಲಲ್ಲೇ’ ಎಂದರು. ಅವರ ಮದುವೆ ೧೯೫೨ರಲ್ಲಿ. ಆದ್ದರಿಂದ ೧೯೫೮ ಬಿಟ್ಟುಹೋಯಿತು, ೨೦೧೮ರ ಮಾತೇ ಇಲ್ಲ. ಉಳಿದದ್ದು ೧೮೩೮, ೧೮೯೮. ಇವೆರಡರ ನಡುವೆ ತೀರ್ಪು ಹೇಳಬಲ್ಲದ್ದು ವಾರದ ಹೆಸರು. ತಿಥಿಗಳು ಮರಳಿ ಬಂದರೂ ಅರವತ್ತು ವರ್ಷಕ್ಕೊಮ್ಮೆ ಅದೇ ತಿಥಿ ಅದೇ ವಾರಕ್ಕೆ ಬೀಳಬೇಕೆಂಬ ನಿಯಮವಿಲ್ಲ. ಹಾಗಾಗಿ ಲಪ್ಪ ತುಂಬಿದ ಆ ಮೂರು ಬೆರಳಗಲದ ಜಾಗವನ್ನು ಮಾತ್ರ ಬಿಡಿಸುವುದೆಂದು ನಿಶ್ಚಯಿಸಿದೆವು.

ಇದನ್ನು ಆಚಾರಿ ಮಾಡಿದ ಬಗೆಯನ್ನು ಗಮನಿಸಿ. ಮೊದಲು ಎಲ್ಲ ಕಡೆಯಿಂದ ಚಿತ್ರ ತೆಗೆಸಿದರು. ಆಮೇಲೆ ಬಣ್ಣ ಬಿಡಿಸುವ ಮೆದುವಾದ ಲೇಪವನ್ನು ಯಾರಿಗೂ ಕಾಣದ ಮೂಲೆಯಲ್ಲಿ ಸ್ವಲ್ಪ ಹಚ್ಚಿ, ಮರದ ಬಣ್ಣ ಕೆಡುವುದಿಲ್ಲವೆಂದು ನೋಡಿಕೊಂಡರು. ಅನಂತರ ಅಕ್ಷರದ ಮೇಲೆ ಹಚ್ಚಿ, ಬಣ್ಣ ಉಬ್ಬಿದ ಮೇಲೆ ಕಬ್ಬಿಣವನ್ನು ಮುಟ್ಟದೆ ಬಿದಿರಿನ ಮೊನೆಯಿಂದ ಎತ್ತಿದರು. ಒಣಗಿದ ಬಣ್ಣವನ್ನು ಉಜ್ಜಿ ಧೂಳೆಬ್ಬಿಸಲಿಲ್ಲ. ಹಳೆಯ ಎನಾಮಲ್ ಬಣ್ಣಗಳಲ್ಲಿ ಸೀಸ ಇರುವ ಸಂಭವ ಬಹಳ. ನಮ್ಮ ದೇಶದಲ್ಲಿ ಮನೆಯ ಬಣ್ಣಗಳಲ್ಲಿನ ಸೀಸಕ್ಕೆ ಹತ್ತು ಲಕ್ಷಕ್ಕೆ ೯೦ ಪಾಲಿನ ಕಟ್ಟುನಿಟ್ಟಾದ ಮಿತಿ ಜಾರಿಗೆ ಬಂದದ್ದೇ ೨೦೧೭ರ ನವೆಂಬರಿನಲ್ಲಿ. ಆ ಧೂಳು ಮಕ್ಕಳ ಹೊಟ್ಟೆಗೆ ಹೋದರೆ ವಿಷ. ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು. ಆ ಧೂಳೇ ಏಳಬಾರದು.

ಮಧ್ಯಾಹ್ನದ ಹೊತ್ತಿಗೆ ‘ಬುಧವಾರ’ ಎಂಬ ನಾಲ್ಕು ಅಕ್ಷರ ಹೊರಗೆ ಬಂದುವು. ಮನೆಗೆ ಬಂದು ಗಣಿತ ಹಾಕಿದೆ. ೧೮೩೮ರ ವೈಶಾಖ ಶುದ್ಧ ತ್ರಯೋದಶಿ ಮೇ ೭, ಸೋಮವಾರ. ೧೮೯೮ರದು ಮೇ ೪, ಬುಧವಾರ. ಸಮಾಧಾನಕ್ಕೆ ೧೯೫೮ರದನ್ನೂ ನೋಡಿದೆ: ಮೇ ೧, ಗುರುವಾರ. ಪಂಚಾಂಗದಿಂದ ಪಂಚಾಂಗಕ್ಕೆ ತಿಥಿ ಒಂದು ದಿನ ಹಿಂದುಮುಂದಾಗುವುದುಂಟು. ಆದ್ದರಿಂದ ಗುರುವಾರ ಎಂಬ ಕಾರಣವೊಂದರಿಂದಲೇ ೧೯೫೮ನ್ನು ನಾನು ತಳ್ಳಿಹಾಕುತ್ತಿರಲಿಲ್ಲ. ಅದನ್ನು ಅಜ್ಜಿ ತಳ್ಳಿಹಾಕಿದ್ದರು. ಸೋಮವಾರ ಬುಧವಾರಗಳಿಗೆ ಎರಡು ದಿನದ ಅಂತರ; ಅಷ್ಟು ಪಂಚಾಂಗ ತಪ್ಪುವುದಿಲ್ಲ. ಬಾಗಿಲು ೧೮೯೮ರದೇ ಸರಿ. ಇನ್ನೂರೂ ಅಲ್ಲ, ಅರವತ್ತೂ ಅಲ್ಲ.

ಈ ಗಣಿತಕ್ಕೆ ಒಂದು ಎಚ್ಚರಿಕೆಯ ಮಾತು. ನಮ್ಮ ಸೀಮೆಯ ಕನ್ನಡ ಮನೆಗಳಿಗೂ ತೆಲುಗು ಮನೆಗಳಿಗೂ ಚಾಂದ್ರಮಾನವೇ ಆದ್ದರಿಂದ ಸಂವತ್ಸರ, ಮಾಸ, ತಿಥಿಗಳು ಹೊಂದಿಕೊಳ್ಳುತ್ತವೆ. ಬಾಗಿಲು ತಮಿಳು ಸೀಮೆಯಿಂದ ಬಂದದ್ದಾದರೆ ಅಲ್ಲಿ ಸೌರಮಾನದ ತಿಂಗಳು. ಲೆಕ್ಕವನ್ನು ಬೇರೆ ಹಾಕಬೇಕು. ಚೆಟ್ಟಿನಾಡಿನ ದೊಡ್ಡ ಮನೆಗಳ ತೇಗದ ಬಾಗಿಲು ಕಂಬಗಳು ಕಾರೈಕುಡಿಯ ಅಂಗಡಿಗಳ ಮೂಲಕ ನಮ್ಮ ಕಡೆಗೂ ಬರುವುದರಿಂದ ಇದನ್ನು ಹೇಳಬೇಕಾಯಿತು.

ಹೀಗೆ ಬರೆಹ ಸಿಕ್ಕಿತೆಂದು ಅಲ್ಲಿಗೆ ನಿಂತರೆ ತಪ್ಪು. ಬರೆಹ ಹೇಳುವುದು ಬಾಗಿಲುವಾಡವನ್ನು ನಿಲ್ಲಿಸಿದ ದಿನವನ್ನು. ಕದಗಳು ಆ ಬಾಗಿಲುವಾಡದ ಜೊತೆಯಲ್ಲೇ ಹುಟ್ಟಿದವೆ? ಇದನ್ನು ಮರ ಹೇಳಬೇಕು. ಹಳೆಯ ಕದಗಳಿಗೆ ಕಬ್ಬಿಣದ ಕೀಲುಗಳಿರುತ್ತಿರಲಿಲ್ಲ. ಕದದ ಪಕ್ಕದ ಪಟ್ಟಿಯನ್ನೇ ಮೇಲೂ ಕೆಳಗೂ ಗೂಟದಂತೆ ಉದ್ದ ಬಿಟ್ಟು, ಮೇಲಿನ ಅಡ್ಡಪಟ್ಟಿಯ ತೂತಿನಲ್ಲಿಯೂ ಹೊಸ್ತಿಲ ಕುಳಿಯಲ್ಲಿಯೂ ಕೂರಿಸುತ್ತಿದ್ದರು. ಆಚಾರಿ ಎಡಗದದ ಕೆಳಗಿನ ಗೂಟಕ್ಕೆ ಬೆರಳಿಟ್ಟು ತೋರಿಸಿದರು. ಅದು ಒಂದು ಪಕ್ಕಕ್ಕೆ ಸವೆದಿತ್ತು; ಹೊಸ್ತಿಲ ಕುಳಿಯೂ ಅದೇ ಪಕ್ಕಕ್ಕೆ ಸವೆದು ಅಂಡಾಕಾರವಾಗಿತ್ತು. ಎರಡು ಸವೆತಗಳೂ ಒಂದರೊಳಗೊಂದು ಕೂಡುತ್ತಿದ್ದುವು. ಬೇರೆ ಮನೆಯ ಕದ ತಂದು ಹೊಂದಿಸಿದ್ದರೆ ಹೀಗೆ ಕೂಡುತ್ತಿರಲಿಲ್ಲ.

ಸವೆತದ ಇನ್ನೊಂದು ನ್ಯಾಯವನ್ನೂ ನೀವು ನೆನಪಿಡಬೇಕು. ಕೈ ತಾಗುವ ಕಡೆ, ಕಾಲು ತುಳಿಯುವ ಕಡೆ, ನೀರು ಬೀಳುವ ಕಡೆ ಮರ ಸವೆಯಬೇಕು. ತಾಗದ ಕಡೆ ಸವೆಯಬಾರದು. ಚಿಲಕದ ಸುತ್ತ ಸವೆತ ಸಹಜ. ಗಜಲಕ್ಷ್ಮಿಯ ಕಿರೀಟ ಹೊಸ್ತಿಲಿನಷ್ಟೇ ಸವೆದಿದ್ದರೆ ಯಾರೋ ಬೇಕೆಂದು ಸವೆಸಿದ್ದಾರೆ ಎಂದೇ ಅರ್ಥ. ಹುಳುವಿನ ತೂತೂ ಹಾಗೆಯೇ. ಮರವನ್ನು ಕೊರೆದು ಹೊರಬಂದ ಹುಳುವಿನ ತೂತು ಮೇಲ್ಮೈಯಲ್ಲಿ ದುಂಡಗಿರುತ್ತದೆ. ಅದರ ಬದಲು ಹುಳುವಿನ ದಾರಿ ಕಾಲುವೆಯಂತೆ ಉದ್ದಕ್ಕೆ ಬಾಯಿ ತೆರೆದು ಕಂಡರೆ, ಹುಳು ತಿಂದ ಹಳೆಯ ಮರವನ್ನು ಆಮೇಲೆ ಸೀಳಿ ಹೊಸದಾಗಿ ಕೆತ್ತಿದ್ದಾರೆ. ಮರ ಹಳೆಯದು, ಕೆತ್ತನೆ ನಿನ್ನೆಯದು. ಪ್ರಯೋಗಶಾಲೆಯ ಇಂಗಾಲದ ಪರೀಕ್ಷೆಯೂ ಇಲ್ಲಿ ಕೈಕೊಡುತ್ತದೆ. ಅದು ಹೇಳುವುದು ಮರ ಬೆಳೆದ ಕಾಲವನ್ನು, ಉಳಿ ಆಡಿದ ಕಾಲವನ್ನಲ್ಲ. ಅದೂ ಕಳೆದ ಸುಮಾರು ಮುನ್ನೂರು ವರ್ಷಗಳೊಳಗೆ ಒಂದು ಕಾಲವನ್ನು ಹೇಳಲಾರದೆ ನಾಲ್ಕಾರು ಕಾಲಗಳನ್ನು ಸೂಚಿಸಿ ಸುಮ್ಮನಾಗುತ್ತದೆ.

ಕಂಬಗಳಿಗೆ ಇನ್ನೂ ಸುಲಭವಾದ ಪರೀಕ್ಷೆಯಿದೆ. ಮರ ಒಣಗುತ್ತ ಬಂದಂತೆ ಸುತ್ತಲೂ ಒಂದೇ ಸಮನಾಗಿ ಕುಗ್ಗುವುದಿಲ್ಲ; ಬೆಳವಣಿಗೆಯ ಉಂಗುರಗಳ ಉದ್ದಕ್ಕೆ ಹೆಚ್ಚು, ತಿರುಳಿನಿಂದ ಹೊರಕ್ಕೆ ಕಡಮೆ. ಆದುದರಿಂದ ದುಂಡಗೆ ಕಡೆದ ಕಂಬ ಕಾಲಕ್ರಮದಲ್ಲಿ ತುಸು ಅಂಡಾಕಾರವಾಗುತ್ತದೆ. ಒಂದೇ ಎತ್ತರದಲ್ಲಿ ಎರಡು ದಿಕ್ಕಿನಿಂದ ಅಡ್ಡಗಲವನ್ನು ಅಳೆಯಿರಿ. ಕೆಲವು ಮಿಲಿಮೀಟರು ವ್ಯತ್ಯಾಸ ಬಂದರೆ ಒಳ್ಳೆಯ ಲಕ್ಷಣ. ಎಲ್ಲ ಕಡೆಯೂ ಕೂದಲೆಳೆಯಷ್ಟೂ ತಪ್ಪದೆ ದುಂಡಗಿದ್ದರೆ ಕಡೆದು ಬಹಳ ಕಾಲವಾಗಿಲ್ಲ. ಹಸಿಮರದಲ್ಲಿ ಕಡೆದ ಕಂಬವೂ ಬೇಗ ಅಂಡಾಕಾರವಾಗುವುದರಿಂದ ಇದೊಂದನ್ನೇ ನಂಬಬಾರದು. ಕಂಬದ ಬುಡವನ್ನೂ ತಿರುಗಿಸಿ ನೋಡಿ. ಕಲ್ಲಿನ ಪೀಠದ ಮೇಲೆ ಕೂತ ಬುಡ ಕಪ್ಪಾಗಿ ಗೀರುಬಿಟ್ಟಿರಬೇಕು. ಅಲ್ಲಿ ತಿಳಿಬಣ್ಣದ ಹೊಸ ಕೊಯ್ತ ಕಂಡರೆ, ಕೊಳೆತ ಬುಡವನ್ನು ಕೊಯ್ದು ಕಂಬವನ್ನು ಗಿಡ್ಡ ಮಾಡಿದ್ದಾರೆ. ಆಗ ಮೇಲಿನ ಬೋದಿಗೆಗೂ ಕಂಬಕ್ಕೂ ಅಳತೆಯ ಹದ ತಪ್ಪಿ ಕಾಣುತ್ತದೆ.

ಇನ್ನು ಬಾಗಿಲ ಹಲಗೆಗಳು. ಒಂದೊಂದು ಕದಕ್ಕೆ ಮೂರು ಕೆತ್ತನೆಯ ಹಲಗೆ, ಒಟ್ಟು ಆರು. ಎಡಗದದ ತಳದ ಹಲಗೆಯ ಬಗ್ಗೆ ಆಚಾರಿಗೆ ಮೊದಲೇ ಅನುಮಾನ. ಕದವನ್ನು ತಿರುಗಿಸಿ ಬೆನ್ನನ್ನು ನೋಡಿದೆವು. ಮೇಲಿನ ಎರಡು ಹಲಗೆಗಳ ಬೆನ್ನಿನಲ್ಲಿ ಬಾಚಿಯ ಏಟುಗಳು ಸಣ್ಣ ಸಣ್ಣ ತಟ್ಟೆಗಳಂತೆ ಕಾಣುತ್ತಿದ್ದುವು. ದಪ್ಪವೂ ಒಂದು ಕಡೆ ಹೆಚ್ಚು, ಒಂದು ಕಡೆ ಕಡಮೆ. ತಳದ ಹಲಗೆಯ ಬೆನ್ನಿನಲ್ಲಿ ಒಂದೇ ಬಾಗಿನ ಕಮಾನು ಗೆರೆಗಳು ಸಾಲಾಗಿದ್ದುವು. ಅವು ತಿರುಗುವ ಚಕ್ರದ ಗರಗಸದ ಗುರುತು. ಕೈಗರಗಸದ ಗೆರೆ ನೇರವಾಗಿ, ಅಲ್ಲಲ್ಲಿ ದಿಕ್ಕು ತಪ್ಪಿ ಇರುತ್ತದೆ. ಮೇಲಿನ ಹಲಗೆಗಳನ್ನು ಹಿಡಿದದ್ದು ಮರದ ಗೂಟ, ಕಮ್ಮಾರ ಬಡಿದ ಚೌಕ ಮೈಯ ಮೊಳೆ. ತಳದ ಹಲಗೆಗೆ ಅಂಗಡಿಯ ದುಂಡು ತಂತಿಮೊಳೆ. ಹಲಗೆ ಬದಲಾಗಿದೆ, ಸಂದೇಹವಿಲ್ಲ. ಬದಲಾದದ್ದು ಯಾವಾಗ ಎಂಬುದೇ ಉಳಿದ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಕೊಟ್ಟದ್ದು, ಎಲ್ಲರೂ ಬೈಯುತ್ತಿದ್ದ ಬಣ್ಣವೇ. ಕದದ ಅಂಚಿನ ಕಾಣದ ಜಾಗದಲ್ಲಿ ಕಿರುಬೆರಳ ಉಗುರಿನಷ್ಟು ಅಗಲ ಬಣ್ಣವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದೆವು. ಮೇಲೆ ಕಂದು, ಅದರ ಕೆಳಗೆ ನೀಲಿ, ಅದರ ಕೆಳಗೆ ಹಸಿರು, ಎಲ್ಲಕ್ಕೂ ಕೆಳಗೆ ಎಣ್ಣೆಯಲ್ಲಿ ಕಲಸಿದ ಜಾಜು. ಇಷ್ಟೇ ಸಣ್ಣ ಕಿಟಕಿಯನ್ನು ತಳದ ಹಲಗೆಯ ಅಂಚಿನಲ್ಲಿ ತೆರೆದರೆ ಅಲ್ಲಿ ಕಂದು, ನೀಲಿ ಎರಡೇ. ಕೆಳಗೆ ಬರಿಯ ಮರ. ಅಜ್ಜಿಯನ್ನು ಕೇಳಿದೆವು. ಕಂದು ಬಳಿದದ್ದು ೧೯೯೧ರಲ್ಲಿ, ಮಗಳ ಮದುವೆಗೆ. ನೀಲಿ ೧೯೬೪ರಲ್ಲಿ, ನಾದಿನಿಯ ಮದುವೆಗೆ. ಹಸಿರು ತಾವು ಬಂದಾಗಲೇ ಇತ್ತು. ಅಲ್ಲಿಗೆ ಹಲಗೆ ಬಂದದ್ದು ೧೯೬೪ರ ನೀಲಿಗೆ ಮುಂಚೆ, ಅದರ ಹೊತ್ತಿನಲ್ಲೇ. ಅಷ್ಟು ಹೇಳಿದೊಡನೆ ಅಜ್ಜಿಗೆ ನೆನಪು ಮರಳಿತು: ಸೂರಿನ ನೀರು ಸೋರಿ ತಳದ ಹಲಗೆ ಕೊಳೆತಿತ್ತು, ಮದುವೆಗೆ ಮುಂಚೆ ಮಾವ ಬದಲಾಯಿಸಿದರು. ಬಾಗಿಲಲ್ಲಿ ನೀರು ತಾಗುವ ಹಲಗೆಯೇ ಬದಲಾಗಿರುವುದರಿಂದ ಈ ಮಾತು ನಂಬತಕ್ಕದ್ದು. ಅವರು ತಂದ ಆಚಾರಿ ಮೇಲಿನ ಹಲಗೆಯ ಹೂಬಳ್ಳಿಯನ್ನು ನೋಡಿ ನೋಡಿ ಕೆತ್ತಿದ್ದ. ಎಲೆಗಳು ಒಂದಿಷ್ಟು ದಪ್ಪವಾಗಿದ್ದುವು, ಅಷ್ಟೆ.

ಈಗ ಉಜ್ಜಿಸಿದ ಬಲಗದಕ್ಕೆ ಬನ್ನಿ. ಅದರಲ್ಲಿ ಈ ಕಥೆ ಒಂದೂ ಇಲ್ಲ. ನಾಲ್ಕು ಪದರವೂ ಹೋಗಿವೆ. ಬಣ್ಣದ ಜೊತೆಗೆ ಉಳಿ ಬಿಟ್ಟ ಚೂಪಾದ ಅಂಚುಗಳೂ ಹೋಗಿ, ಬಳ್ಳಿಯ ಎಲೆಗಳು ಸಾಬೂನಿನಲ್ಲಿ ಅಚ್ಚು ಹೊಡೆದಂತೆ ಮೊಂಡಾಗಿವೆ. ಅದರ ಹಲಗೆಗಳಲ್ಲಿ ಯಾವುದು ಮೂಲದ್ದು, ಯಾವುದು ಆಮೇಲಿನದು ಎಂದು ಮುಂದಿನಿಂದ ಹೇಳುವಂತಿಲ್ಲ. ಬೆನ್ನಿನಲ್ಲಿ ಅಲ್ಪಸ್ವಲ್ಪ ಉಳಿದ ಬಾಚಿಯ ಗುರುತಿನಿಂದ ಮಾತ್ರ ಮೂರೂ ಹಳೆಯವೆಂದು ಆಚಾರಿ ಒಪ್ಪಿದರು. ಯಂತ್ರದ ಬದಲು ಕಾಸ್ಟಿಕ್ ಸೋಡಾದಲ್ಲಿ ಅದ್ದುವವರೂ ಇದ್ದಾರೆ. ಅದರಿಂದ ಮರದ ಮೈ ಕಪ್ಪಾಗಿ ನಾರೆದ್ದು ತುಪ್ಪಟವಾಗುತ್ತದೆ. ಕಾರ ಮರದೊಳಗೆ ಉಳಿದುಕೊಂಡು, ಮೇಲೆ ಹಚ್ಚಿದ ವಾರ್ನಿಷು ನಿಲ್ಲದೆ ಎದ್ದುಬರುತ್ತದೆ.

ಬೆಲೆಯ ಮಾತಿಗೆ ಇಲ್ಲಿಂದ ದಾರಿ ಸಿಕ್ಕಿತು. ಅಣ್ಣತಮ್ಮಂದಿರಿಬ್ಬರೂ ಬಾಗಿಲನ್ನು ಹೊರಗೆ ಮಾರದೆ, ತಮ್ಮನೇ ಇಟ್ಟುಕೊಂಡು ಅಣ್ಣನ ಪಾಲಿನ ಹಣ ಕೊಡುವುದೆಂದು ಒಪ್ಪಿದರು. ನ್ಯಾಯವನ್ನು ನಮ್ಮ ಮೇಲೆ ಹಾಕಿದರು. ಒಳ್ಳೆಯ ಸ್ಥಿತಿಯಲ್ಲಿರುವ ಇಂಥ ಬಾಗಿಲನ್ನು ಹದಿನಾರಾಣೆ ಎಂದು ಹಿಡಿದೆವು. ತೇದಿಯುಳ್ಳ ಬಾಗಿಲುವಾಡಕ್ಕೆ ಎಂಟಾಣೆ, ಕದಕ್ಕೆ ನಾಲ್ಕರಂತೆ ಎಂಟಾಣೆ. ಎಡಗದ, ಬಾಗಿಲುವಾಡಗಳ ಮೇಲಿನ ಬಣ್ಣಕ್ಕೆ ಕಳೆದದ್ದು ಅರ್ಧ ಆಣೆ. ಏಕೆಂದರೆ ಬಣ್ಣವನ್ನು ತಾಳ್ಮೆಯಿಂದ ತೆಗೆಯಬಹುದು, ಹಾಗೆ ತೆಗೆಯುವ ಖರ್ಚೇ ಅದರ ನಷ್ಟ. ಬದಲಾದ ಹಲಗೆಗೆ ಅರ್ಧ ಆಣೆ. ಆರರಲ್ಲಿ ಒಂದು, ಅದೂ ತಳದ್ದು, ಬದಲಾಯಿಸಿದ ಕಾರಣವೂ ಕಾಲವೂ ತಿಳಿದದ್ದು. ಉಜ್ಜಿಸಿದ ಕದಕ್ಕೆ ಎರಡಾಣೆ, ಎಂದರೆ ಅದರ ಬೆಲೆಯ ಅರ್ಧ. ಹೋದ ಅಂಚನ್ನು ಯಾರೂ ತರಲಾರರು. ಉಳಿದದ್ದು ಹದಿಮೂರಾಣೆ. ಇದು ಮಾರುಕಟ್ಟೆಯ ಶಾಸನವಲ್ಲ, ನಾವಿಬ್ಬರು ಕೂತು ಮಾಡಿದ ತೂಕ. ಆದರೆ ತೂಕದ ಕ್ರಮ ಎಲ್ಲ ಬಾಗಿಲಿಗೂ ಇದೇ: ಮರಳಿ ಸರಿಪಡಿಸಬಹುದಾದದ್ದಕ್ಕೆ ಕಡಮೆ ಕಳೆಯಬೇಕು, ಸರಿಪಡಿಸಲಾಗದ್ದಕ್ಕೆ ಹೆಚ್ಚು. ಹೋದದ್ದು ತಳದ ಹಲಗೆಯಾಗದೆ ಗಜಲಕ್ಷ್ಮಿಯ ಪಟ್ಟಿಯಾಗಿದ್ದರೆ ಬಾಗಿಲುವಾಡದ ಎಂಟಾಣೆಯಲ್ಲಿ ಬಹುಪಾಲು ಅದರೊಡನೆ ಹೋಗುತ್ತಿತ್ತು.

ಅಣ್ಣ ಒಂದು ಮಾತು ಕೇಳಿದ: ‘ಹಲಗೆ ಬದಲಾದ ವಿಷಯ ಹೇಳದೆ ಇದ್ದಿದ್ದರೆ ಆ ಅರ್ಧ ಆಣೆ ಉಳೀತಿತ್ತಲ್ಲ ಮೇಷ್ಟ್ರೇ?’ ಆಚಾರಿಯೇ ಉತ್ತರ ಕೊಟ್ಟರು: ‘ತಗೊಳ್ಳೋನು ಕದ ತಿರುಗಿಸಿ ನೋಡಿದ ಗಳಿಗೆಗೆ ಆ ಹಲಗೆ ಒಂದೇ ಅಲ್ಲ ಸ್ವಾಮಿ, ಮಿಕ್ಕ ಐದೂ ಹೊಸದಾಗಿಬಿಡ್ತವೆ.’ ಒಂದನ್ನು ಮುಚ್ಚಿಟ್ಟವರ ತೇದಿಯನ್ನು ಯಾರು ನಂಬುತ್ತಾರೆ?

ಹೊರಗೆ ಮಾರುವವರಿಗೆ ಒಂದು ಸೂಚನೆ. ೧೯೭೨ರ ಪುರಾತನ ವಸ್ತುಗಳ ಕಾಯಿದೆ ೧೯೭೬ರಿಂದ ಜಾರಿಯಲ್ಲಿದೆ. ಅದರ ವ್ಯಾಖ್ಯೆಯಲ್ಲಿ ಕಟ್ಟಡದಿಂದ ಬೇರ್ಪಡಿಸಿದ ವಸ್ತುವೂ ಸೇರುತ್ತದೆ. ನೂರು ವರ್ಷ ತುಂಬಿರಬೇಕು. ೧೮೯೮ರ ಈ ಬಾಗಿಲಿಗೆ ೧೯೯೮ರಲ್ಲೇ ನೂರು ತುಂಬಿತು. ಇಂಥದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಇದರ ವ್ಯಾಪಾರ ಮಾಡುವವನಿಗೆ ಪರವಾನಗಿ ಬೇಕು. ಆದ್ದರಿಂದ ಬಾಗಿಲ ವಯಸ್ಸನ್ನು ಅರಿಯುವುದು ಬೆಲೆಗಷ್ಟೇ ಅಲ್ಲ, ಕಾನೂನಿಗೂ ಬೇಕಾದದ್ದು.

ಆ ಬಾಗಿಲು ಈಗ ತಮ್ಮನ ಹೊಸ ಮನೆಯಲ್ಲಿದೆ. ಎಡಗದದ ಬಣ್ಣವನ್ನು ಆತ ತೆಗೆಸಿಲ್ಲ. ಅಂಚಿನಲ್ಲಿ ನಾವು ತೆರೆದ ಉಗುರಗಲದ ಕಿಟಕಿಯನ್ನೂ ಮುಚ್ಚಿಸಿಲ್ಲ. ಹೋದವರಿಗೆಲ್ಲ ಅದನ್ನು ತೋರಿಸಿ, ಇದು ನಾದಿನಿ ಅಜ್ಜಿಯ ಮದುವೆ, ಇದು ಅತ್ತೆಯ ಮದುವೆ ಎಂದು ಬಣ್ಣ ಬಣ್ಣವಾಗಿ ಹೇಳುತ್ತಾನೆ. ನಿಮ್ಮ ಮನೆಯಲ್ಲಿಯೂ ಇಂಥದೊಂದು ಬಾಗಿಲಿದ್ದರೆ, ಉಜ್ಜುವವನನ್ನು ಕರೆಯುವ ಮುಂಚೆ ಒಂದು ಸಂಜೆ ದೀಪವನ್ನು ಪಕ್ಕಕ್ಕೆ ಹಿಡಿದು ನೋಡಿ.